ಚಮಚ ನೆಟ್ಟಗೆ ನಿಲ್ಲೋ ಗಂಜಿ ಕುಡಿಯೋ ಹಂಗಾದ ಕಥೆ: ಎನ್‌ಆರ್‌ಸಿಯಲ್ಲಿ ನನ್ನ ಅನುಭವ

ಎನ್‌ಆರ್‌ಸಿ ಅಂದ್ರೆ ತೀವ್ರ ಅಪೌಷ್ಟಿಕ ಮಕ್ಕಳನ್ನ ಇಟ್ಕೊಂಡು ಚೇತರಿಸೋ ಪುನರ್ವಸತಿ ಕೇಂದ್ರ. ಅಲ್ಲಿ ನಮ್ಮ ವಾರ್ಡಲ್ಲಿ ಗಂಜಿ ಅನ್ನೋದು ಸುಮಾರು ವರ್ಷ ಬೈಗುಳದ ಥರ ಇತ್ತು. ಯಾವ ಮಗು ತೂಕ ಏರ್ಲಿಲ್ಲ ಅಂದ್ರೂ "ಗಂಜಿ ಕುಡಿಸಿ ಹೊಟ್ಟೆ ತುಂಬಿಸಿದೀರಿ" ಅಂತ ಡಾಕ್ಟ್ರು ಬೈಯ್ಯೋರು. ಅವರ ಮಾತು ತಪ್ಪೇನಲ್ಲ, ನೀರು ಗಂಜೀಲಿ 100 ಎಂಎಲ್‌ಗೆ 40 ಕ್ಯಾಲೊರಿ ಸಿಕ್ರೆ ಹೆಚ್ಚು, ಮಗು ಹೊಟ್ಟೆ ನೋಡಿದ್ರೆ ನಿಂಬೆಹಣ್ಣಷ್ಟು. ಹಾಗಂತ ಗಟ್ಟಿ ಮಾಡಿದ್ರೆ ಅದು ಗಂಜಿ ಆಗಿರಲ್ಲ, ಮುದ್ದೆ ಆಗಿರತ್ತೆ, ಮಗು ನುಂಗಲ್ಲ. ಇದರ ಮಧ್ಯದ ದಾರಿ ಹುಡುಕೋಕೆ ನಂಗೆ ಎರಡು ವರ್ಷ ಹಿಡೀತು. ಈಗ ಅದೇ ಡಾಕ್ಟ್ರು ಹೊಸ ಸ್ಟಾಫ್ ಬಂದ್ರೆ "ಅವರ ಗಂಜಿ ಹೆಂಗ್ ಮಾಡ್ತಾರೆ ನೋಡ್ಕೊಳ್ಳಿ" ಅಂತ ನನ್ ಹತ್ರ ಕಳಿಸ್ತಾರೆ, ಅದಕ್ಕೇ ಬರೀತಿದೀನಿ.

ಸ್ಟಾರ್ಟರ್ ಅಂದ್ರೆ ಮೊದಲ ದಿನಗಳಿಗೆ ಕೊಡೋ ಹಗುರ ಹಾಲು, ಕ್ಯಾಚ್ಅಪ್ ಅಂದ್ರೆ ಆಮೇಲೆ ತೂಕ ಏರಿಸೋಕೆ ಕೊಡೋ ಕ್ಯಾಲೊರಿ ಜಾಸ್ತಿ ಇರೋ ಹಾಲು, ಇಷ್ಟು ಗೊತ್ತಿದ್ರೆ ಸಾಕು. ಒಂದೇ ಮಗು ಲೆಕ್ಕ ಹೇಳ್ತೀನಿ.

ಹೆಣ್ಣು ಮಗು, 20 ತಿಂಗಳು, ಅಡ್ಮಿಶನ್ ದಿನ 6.1 ಕೆಜಿ, ಉದ್ದ 74 ಸೆಂಟಿಮೀಟರ್ ಹತ್ರ, ತೋಳಿನ ಸುತ್ತಳತೆ 10.8. ಕಾಲು ಊತ ಇರ್ಲಿಲ್ಲ, ಪುಣ್ಯ. ತಾಯಿ ಹತ್ತಿ ಬಿಡಿಸೋ ಕೂಲಿ, ಜೊತೆಗೆ ನಾಲ್ಕು ವರ್ಷದ ಹುಡುಗ ಒಬ್ಬ (ಇವನ ವಿಷಯ ಆಮೇಲೆ ಬರತ್ತೆ). ಮೊದಲ ಮೂರು ದಿನ ಮಾಮೂಲಿ ಸ್ಟಾರ್ಟರ್, ಎರಡು ಗಂಟೆಗೊಂದ್ಸಲ 65 ಎಂಎಲ್. ಆಮೇಲೆ ಎರಡು ದಿನ ಅದೇ ಅಳತೇಲಿ ಕ್ಯಾಚ್ಅಪ್ ಹಾಲು, ಇದಕ್ಕೆ ಟ್ರಾನ್ಸಿಶನ್ ಅಂತೀವಿ. ಆರನೇ ದಿನದಿಂದ ಪ್ರತಿ ಸಲಕ್ಕೂ 10 ಎಂಎಲ್ ಏರಿಸ್ತಾ ಹೋದೆ, ಅಲ್ಲಿ ಶುರುವಾಯ್ತು ರಗಳೆ. ಸಿಹಿ ಹಾಲು ಕಂಡ್ರೆ ಮುಖ ತಿರುಗ್ಸೋದು, ಅರ್ಧ ಲೋಟ ಉಳಿಸೋದು. "ಅಕ್ಕಾರ, ಮನ್ಯಾಗ ಇದು ಹಾಲು ಕಂಡಿದ್ದೇ ಇಲ್ರಿ, ಹ್ಯಾಂಗ ಕುಡೀತೈತಿ" ಅಂದ್ಳು ಅವರಮ್ಮ. ಅಷ್ಟೇ ವಿಷಯ ನೋಡಿ, ನಮ್ಮ ಯಾವ ಚಾರ್ಟಲ್ಲೂ ಈ ಕಾಲಂ ಇಲ್ಲ.

ಈ ಹಂತದಲ್ಲೇ ಗಂಜಿ ತರ್ತೀನಿ ನಾನು, ಅದಕ್ಕಿಂತ ಮುಂಚೆ ಖಂಡಿತ ಇಲ್ಲ. ಯಾಕಂದ್ರೆ ಹಿಂದೆ ಒಂದ್ಸಲ ಉತ್ಸಾಹ ಜಾಸ್ತಿಯಾಗಿ, ಮಗು ಹಸಿದು ಅಳ್ತಿದೆ ಅಂತ ಬಂದ ಎರಡನೇ ದಿನಾನೇ ಶೇಂಗಾ ಹಾಕಿದ ಗಟ್ಟಿ ಗಂಜಿ ಕೊಟ್ಟಿದ್ದೆ. ಸಂಜೆಗೆ ಹೊಟ್ಟೆ ಉಬ್ಬರ, ರಾತ್ರಿ ಉಸಿರು ನಿಮಿಷಕ್ಕೆ ಎಂಟೋ ಹತ್ತೋ ಜಾಸ್ತಿ, ನಾಡಿ ಬಡಿತ ಮೊದಲಿಗಿಂತ 25ಕ್ಕೂ ಹೆಚ್ಚು ಏರಿತ್ತು. ಸಿಸ್ಟರ್ ಎಣಿಸಿ ನೋಡಿದ್ದಕ್ಕೆ ಬಚಾವಾಯ್ತು, ಫೀಡ್ ನಿಲ್ಸಿ ಡಾಕ್ಟ್ರನ್ನ ಮನೆಯಿಂದ ಕರೆಸಿದ್ವಿ. ಆವತ್ತು ತಿಂದ ಬೈಗುಳ ಇವತ್ತಿಗೂ ನೆನಪಿದೆ. ಮಗು ತಾನಾಗಿ ಲೋಟ ಕಿತ್ಕೊಂಡು ಕುಡಿಯೋ ಹಸಿವು ಬರ್ಬೇಕು, ಊತ ಇದ್ರೆ ಇಳಿದಿರ್ಬೇಕು, ಎರಡು ದಿನದ ಟ್ರಾನ್ಸಿಶನ್ ಮುಗಿದಿರ್ಬೇಕು. ಅಲ್ಲಿವರೆಗೆ ಹಾಲಿನ ಸ್ಟಾರ್ಟರ್ ಬಿಟ್ಟು ಬೇರೆ ಬುದ್ಧಿ ಓಡಿಸ್ಬೇಡಿ. ಈ ಮಗು ಹಸಿವಿನ ಟೆಸ್ಟಲ್ಲಿ ಪಾಸಾಗಿತ್ತು, ಹಾಲು ಬೇಡ ಅಂದಿದ್ದು ರುಚಿ ವಿಷಯ, ಇವೆರಡನ್ನ ಬೆರೆಸ್ಬಾರ್ದು.

ಈಗ ಗಂಜಿಗೆ ಬರೋಣ. ಹುರಿದ ಅಕ್ಕಿ 2 ಪಾಲು, ಪುಟಾಣಿ 1 ಪಾಲು, ಹುರಿದು ಸಿಪ್ಪೆ ತೆಗೆದ ಶೇಂಗಾ 1 ಪಾಲು, ಮೂರನ್ನೂ ಬೇರೆಬೇರೆ ಹುರಿದು ನುಣ್ಣಗೆ ಪುಡಿ. ಶೇಂಗಾದಲ್ಲಿ ಮುದುಡಿದ್ದು, ಬಣ್ಣ ಕೆಟ್ಟಿದ್ದು, ಬೂಷ್ಟು ಹಿಡಿದಿದ್ದು ಒಂದೂ ಇರ್ಬಾರ್ದು, ಇದೊಂದು ಕೆಲಸ ನಾನು ಆಯಾಗೂ ಬಿಡಲ್ಲ, ಕೂತು ನಾನೇ ಆರಿಸ್ತೀನಿ. ಒಂದ್ಸಲ ಮಾಡೋ ಗಂಜಿಗೆ ಈ ಪುಡಿ 40 ಗ್ರಾಂ, ಹಾಲು 100 ಎಂಎಲ್, ಬೆಲ್ಲ 10 ಗ್ರಾಂ, ಎಣ್ಣೆ ಒಂದು ಟೀ ಚಮಚ, ಕೊನೆಗೆ 200 ಎಂಎಲ್ ಆಗ್ಬೇಕು. ಉಪ್ಪು ಹಾಕಲ್ಲ. ಲೆಕ್ಕ ಹಾಕಿದ್ರೆ 310 ಕ್ಯಾಲೊರಿ ಹತ್ರ, ಪ್ರೊಟೀನ್ 9 ಗ್ರಾಂ. ಅಂದ್ರೆ 100 ಎಂಎಲ್‌ಗೆ 150 ಮೇಲೆ, ನಮ್ಮ ಕ್ಯಾಚ್ಅಪ್ ಹಾಲಿಗಿಂತ ಒಂದೂವರೆ ಪಟ್ಟು.

ಆದ್ರೆ ಇಷ್ಟು ಪುಡಿ ಇಷ್ಟೇ ನೀರಲ್ಲಿ ಬೇಯಿಸಿದ್ರೆ ಚಮಚ ನೆಟ್ಟಗೆ ನಿಲ್ಲತ್ತೆ. ಇಲ್ಲಿ ಬೇಕು ಮೊಳಕೆ ರಾಗಿ ಹಿಟ್ಟು. ಬೇಕಾಗೋದು ಮುಕ್ಕಾಲು ಟೀ ಚಮಚ ಅಷ್ಟೇ. ಮೊಳಕೆ ಬಂದ ಕಾಳಲ್ಲಿ ಪಿಷ್ಟ ಕರಗಿಸೋ ಅಮೈಲೇಸ್ ಇರತ್ತೆ, ಅದು ಗಟ್ಟಿ ಗಂಜಿನ ಐದು ಹತ್ತು ನಿಮಿಷದಲ್ಲಿ ನೀರಾಗಿಸತ್ತೆ, ಕ್ಯಾಲೊರಿ ಒಂದೂ ಕಡಿಮೆ ಆಗಲ್ಲ. ಓದಿದೋರಿಗೆಲ್ಲ ಗೊತ್ತಿರೋದೇ ಇದು, ಆದ್ರೆ ಮಾಡಿ ನೋಡಿದೋರು ಕಮ್ಮಿ, ಮಾಡಿದೋರಲ್ಲೂ ಅರ್ಧ ಜನ "ಏನೂ ಆಗ್ಲಿಲ್ಲ" ಅಂತ ಬಿಟ್ಟಿದಾರೆ. ನಾನೂ ಬಿಟ್ಟಿದ್ದೆ.

ನನಗೆ ಕೆಟ್ಟಿದ್ದು ಮೂರು ಕಡೆ. ಮೊದಲ್ನೇದು, ಘಮ ಬರ್ಲಿ ಅಂತ ಮೊಳಕೆ ರಾಗಿನ ಮಾಲ್ಟಿಗೆ ಹುರಿಯೋ ಹಂಗೆ ಚೆನ್ನಾಗಿ ಹುರಿದುಬಿಟ್ಟೆ, ಅಷ್ಟು ಬಿಸಿಗೆ ಅಮೈಲೇಸ್ ಸತ್ತೇ ಹೋಗತ್ತೆ. ಎರಡನೇದು, ಕುದಿಯೋ ಗಂಜಿಗೇ ಹಾಕಿದೆ, ಅಲ್ಲೂ ಅದೇ ಗತಿ. ಮೂರನೇದು, ಮಳೆಗಾಲದಲ್ಲಿ ಬಟ್ಟೆ ಗಂಟು ಬಿಚ್ಚೋಕೆ ತಡ ಮಾಡಿ ಬೂಷ್ಟು ಬಂತು, ಎರಡು ಕೆಜಿ ರಾಗಿ ತಿಪ್ಪೆಗೆ. ಈಗ ಒಂದು ರಾತ್ರಿ ನೆನೆಸಿ, ಒಂದೂವರೆ ದಿನ ಕಟ್ಟಿಟ್ಟು, ಮೊಳಕೆ ಕಾಳಿನಷ್ಟು ಉದ್ದ ಬಂದ ತಕ್ಷಣ ಬಿಸಿಲಿಗೆ ಹರವ್ತೀನಿ, ಗರಿಗರಿ ಒಣಗಿದ ಮೇಲೆ ಬೇರು ಉಜ್ಜಿ ತೆಗೆದು ಪುಡಿ ಮಾಡ್ತೀನಿ, ಬಾಣಲೆ ಹತ್ರಕ್ಕೂ ಒಯ್ಯಲ್ಲ. ಒಂದು ಕೆಜಿ ಮಾಡಿಟ್ರೆ ತಿಂಗಳು ದಾಟತ್ತೆ. ನಮ್ ಕಡೆ ರಾಗಿ ಅಪರೂಪ, ಜೋಳ ಬೇಕಾದಷ್ಟು, ಅದಕ್ಕೆ "ಜೋಳದ ಮೊಳಕೇಲಿ ಆಗಲ್ವಾ" ಅಂತ ಎಲ್ರೂ ಕೇಳ್ತಾರೆ. ಬೇಡ, ಜೋಳದ ಮೊಳಕೇಲಿ ಸೈನೈಡ್ ಬಿಡೋ ಅಂಶ ಇರತ್ತೆ, ಎಳೆ ಜೋಳದ ಪೈರು ಮೇಯ್ದು ದನ ಸಾಯೋದು ಇದರಿಂದಾನೇ.

ಹಾಕೋ ಹದ ಹೀಗಿದೆ. ಪುಡಿನ ನೀರಲ್ಲಿ ಗಟ್ಟಿಯಾಗಿ ಬೇಯಿಸಿ ಇಳಿಸಿ, ಬೆರಳಿಟ್ರೆ ಒಂದೆರಡು ಸೆಕೆಂಡ್ ಮಾತ್ರ ತಡ್ಕೊಳ್ಳೋ ಅಷ್ಟು ಬಿಸಿಗೆ ಬಂದಾಗ ರಾಗಿ ಹಿಟ್ಟು ಹಾಕಿ ತಿರುವ್ತಾ ಇರಿ. ಚಮಚದಿಂದ ಉಂಡೆ ಉಂಡೆ ಬೀಳ್ತಿದ್ದದ್ದು ದಾರದ ಹಂಗೆ ಇಳಿಯತ್ತೆ, ಅದೇ ಗುರುತು. ಹತ್ತು ನಿಮಿಷ ಆದ್ರೂ ಇಳಿದಿಲ್ಲ ಅಂದ್ರೆ ನಿಮ್ಮ ಹಿಟ್ಟು ಸತ್ತಿದೆ, ಇನ್ನೊಂದು ಚಮಚ ಸುರಿದು ಪ್ರಯೋಜನ ಇಲ್ಲ. ಆಮೇಲೆ ಹಾಲು, ಎಣ್ಣೆ ಹಾಕಿ ಮತ್ತೆ ಒಂದು ಕುದಿ ಬರ್ಲೇಬೇಕು, ಮೊಳಕೆ ಹಿಟ್ಟು ಹಸಿಯಾಗಿರತ್ತೆ, ಕುದಿಸದೆ ಕೊಟ್ರೆ ಭೇದಿ ಆಗ್ಬೋದು. ಬೆಲ್ಲ ಹಾಕಿದಾಗ ಹಾಲು ಒಡೆಯತ್ತಲ್ಲ, ಅದಕ್ಕೆ ನಂದೊಂದು ಉಪಾಯ ಇದೆ, ಅದನ್ನ ಹೇಳಲ್ಲ, ನಮ್ಮ ಅಡುಗೆಯವರಿಗೂ ನಂಗೂ ಮಧ್ಯೆ ಇರ್ಲಿ. ಆಗದಿದ್ರೆ ಸಕ್ಕರೆ ಹಾಕ್ಕೊಳ್ಳಿ, ತೂಕಕ್ಕೆ ಎರಡೂ ಒಂದೇ.

ಖರ್ಚು ಒಂದ್ಸಲಕ್ಕೆ ಹೆಚ್ಚುಕಡಿಮೆ 10 ರೂಪಾಯಿ, ಅದರಲ್ಲಿ ಅರ್ಧ ಹಾಲಿಂದೇ. ಈ ತಾಯಿ ನಮ್ ಹತ್ರ ಬರೋಕೆ ಮುಂಚೆ ಯಾರೋ ಹೇಳಿದ್ರು ಅಂತ ಎರಡು ಡಬ್ಬ ಪೌಡರ್ ತಂದಿದ್ಳು, ಎರಡೂ ಸೇರಿ 900 ಚಿಲ್ಲರೆ, ಮೂರು ದಿನದ ಕೂಲಿ.

ಎಂಟನೇ ದಿನದಿಂದ ಹೀಗೆ ನಡೀತು: ದಿನಕ್ಕೆ ಎಂಟು ಫೀಡಲ್ಲಿ ಐದು ಕ್ಯಾಚ್ಅಪ್ ಹಾಲು 110 ಎಂಎಲ್, ಮೂರು ಗಂಜಿ 120 ಎಂಎಲ್, ಜೊತೆಗೆ ಅರ್ಧ ಮೊಟ್ಟೆ, ಅರ್ಧ ಬಾಳೆಹಣ್ಣು. ಒಟ್ಟು 1,100 ಮೇಲೆ, ಕೆಜಿಗೆ 180–190 ಕ್ಯಾಲೊರಿ. ಗಂಜಿ ಸಿಕ್ಕ ಮೇಲೆ ಹಾಲೂ ಕುಡಿಯೋಕೆ ಶುರು ಮಾಡಿದ್ಳು, ಇದನ್ನ ನಾನು ನಿರೀಕ್ಷೆ ಮಾಡಿರ್ಲಿಲ್ಲ. ಪೊಟ್ಯಾಶಿಯಂ, ಮೆಗ್ನೀಶಿಯಂ, ಜಿಂಕ್ ಎಲ್ಲ ಮೊದಲಿನ ಹಂಗೇ ನಡೀತಿತ್ತು, ಅದನ್ನ ಗಂಜಿ ತುಂಬಲ್ಲ, ಐರನ್ ತೂಕ ಏರೋಕೆ ಶುರುವಾದ ಮೇಲೆ.

ಮೂರು ದಿನ ಚೆನ್ನಾಗಿ ಏರಿತು, ದಿನಕ್ಕೆ 70 ಗ್ರಾಂ ಹತ್ರ. ಹನ್ನೊಂದು, ಹನ್ನೆರಡನೇ ದಿನ ಸೊನ್ನೆ. ಡಾಕ್ಟ್ರು "ನಾನ್ ಹೇಳಿದ್ನಲ್ಲ" ಅನ್ನೋ ಮುಖ ಮಾಡಿದ್ರು. ತಕ್ಕಡಿ ಚೆಕ್ ಮಾಡ್ದೆ, ಸರಿ ಇದೆ. ಭೇದಿ ಇಲ್ಲ, ಜ್ವರ ಇಲ್ಲ, ಚಾರ್ಟಲ್ಲಿ ಪ್ರತಿ ಲೋಟ ಖಾಲಿ. ರಾತ್ರಿ ಹೋಗಿ ಕೂತೆ ನೋಡಿ, ಆಗ ಗೊತ್ತಾಯ್ತು, ಲೋಟ ಖಾಲಿ ಮಾಡ್ತಿದ್ದೋನು ಅಣ್ಣ. ಊಟ ತಾಯಿಗೆ ಮಾತ್ರ ಲೆಕ್ಕದಲ್ಲಿ ಬರೋದು, ಆ ಹುಡುಗಂಗೆ ಇಲ್ಲ, ಅವಳಾದ್ರೂ ಏನ್ ಮಾಡ್ಬೇಕು. ಬೈಯ್ಯೋಕೆ ಬಾಯಿ ಬರ್ಲಿಲ್ಲ. ಮಾರನೇ ದಿನದಿಂದ ಅವನಿಗೂ ಬೆಳಿಗ್ಗೆ ಸಂಜೆ ಒಂದೊಂದು ತಟ್ಟೆ, ಖರ್ಚು ನನ್ ಕೈಯಿಂದ, ದಿನಕ್ಕೆ 30 ರೂಪಾಯಿ ಆಗಿರ್ಬೋದು. ತೂಕದ ಗ್ರಾಫು ಮತ್ತೆ ಎದ್ದಿತು.

ಹದಿನಾಲ್ಕನೇ ದಿನ ಹೋಗ್ತೀನಿ ಅಂತ ಗಂಟು ಕಟ್ಟಿದ್ಳು. ಹತ್ತಿ ಸೀಸನ್, ಕೂಲಿ ನಷ್ಟದ ದುಡ್ಡು ಇನ್ನೂ ಬಂದಿರ್ಲಿಲ್ಲ. ಅವಳ ಗಂಡನ ಹತ್ರ ಫೋನಲ್ಲಿ ಅರ್ಧ ಗಂಟೆ ಮಾತಾಡ್ದೆ, ಅಂತೂ ಇನ್ನೂ ಒಂಬತ್ತು ದಿನ ಸಿಕ್ತು. 23ನೇ ದಿನ 7.02 ಕೆಜಿ. ಮನೆಗೆ ಕಳಿಸೋಕೆ ಅಡ್ಮಿಶನ್ ತೂಕಕ್ಕಿಂತ 15 ಪರ್ಸೆಂಟ್ ಏರಿರ್ಬೇಕು, ಅದಕ್ಕೆ ಬೇಕಿದ್ದು 7.015, ಡಾಕ್ಟ್ರು ತಾವೇ ಇನ್ನೊಂದ್ಸಲ ತೂಕ ಹಾಕಿಸಿ ನೋಡಿದ್ರು! ಗಂಜಿ ಶುರುವಾದ ಮೇಲೆ ಸರಾಸರಿ ದಿನಕ್ಕೆ ಕೆಜಿಗೆ 10 ಗ್ರಾಂ ಆಸುಪಾಸು ಏರಿತು, ಆ ಎರಡು ಸೊನ್ನೆ ದಿನಾನೂ ಸೇರಿಸಿ.

ಮಧ್ಯೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ನುಗ್ಗೆಸೊಪ್ಪಿನ ಪುಡಿ ಅರ್ಧ ಚಮಚಕ್ಕೇ ಕಹಿ, ಮಗು ಉಗೀತು. ಮೊಟ್ಟೆ ಗಂಜಿಗೇ ಒಡೆದು ಹಾಕಿದ್ರೆ ನಾತ, ಬೇಯಿಸಿ ಕಿವುಚಿ ಬೇರೆ ಕೊಡೋದೇ ವಾಸಿ. ಅಕ್ಕಿ ಬದಲು ಸಜ್ಜೆ ಹಾಕಿದ್ರೆ ಮೂರನೇ ದಿನಕ್ಕೆ ಪುಡಿ ಕಮಟು, ಹೊಸದಾಗಿ ಮಾಡ್ಕೊಂಡ್ರೆ ತೊಂದ್ರೆ ಇಲ್ಲ.

15 ದಿನಕ್ಕೆ ಫಾಲೋಅಪ್‌ಗೆ ಬಂದ್ಳು, ಮಗು 7.3. ಮನೇಲಿ ಹಾಲಿಲ್ಲ, ಶೇಂಗಾ ಒಂದು ಹಿಡಿ ಜಾಸ್ತಿ ಹಾಕ್ತಿದಾಳಂತೆ. ರಾಗಿ ಹಿಟ್ಟು ಮುಗಿದಿತ್ತು, ಡಬ್ಬಿ ತೊಳೆದು ತಂದಿದ್ಳು, ತುಂಬಿಸಿ ಕೊಟ್ಟೆ.