ಮೊಳಕೆ ಕಾಳಿನ ಬಗ್ಗೆ ಪೋಷಕರಿಗೆ ಒಂದು ಪತ್ರ

ಪೋಷಕರಿಗೆ ನಮಸ್ಕಾರ,

ಹೋದ ವಾರದ ಸಭೆಯಲ್ಲಿ ಸಕಲೇಶಪುರದ ಕಡೆಯ ತಾಯಿಯೊಬ್ಬರು ಕೇಳಿದರು: "ಹೆಸರುಕಾಳನ್ನ ಹಾಗೇ ಬೇಯಿಸಿ ಕೊಟ್ರೆ ಆಗಲ್ವಾ ಮೇಡಂ? ಮೊಳಕೆಗೆ ಅಂತ ಎರಡು ದಿನ ಕಾಯ್ಬೇಕಾ?" ಅಷ್ಟರಲ್ಲಿ ಬೆಲ್ ಹೊಡೆಯಿತು. ಉತ್ತರ ಎಲ್ಲರಿಗೂ ಬೇಕಾದದ್ದೇ, ಹಾಗಾಗಿ ಬರೆಯುತ್ತಿದ್ದೇನೆ.

ಮೊಳಕೆ ಬರಿಸಿದರೆ ಪ್ರೋಟೀನ್ ಜಾಸ್ತಿ ಆಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ನಿಜವಲ್ಲ. ಕಾಳು ನೀರು ಕುಡಿದು ಉಬ್ಬಿರುವುದರಿಂದ ಒಂದು ಸೌಟು ಮೊಳಕೆಯಲ್ಲಿ ಒಂದು ಸೌಟು ಒಣ ಕಾಳಿಗಿಂತ ಪ್ರೋಟೀನ್ ಕಡಿಮೆಯೇ ಇರುತ್ತದೆ. ಮೊಳಕೆಯಿಂದ ಸಿಗುವ ದೊಡ್ಡ ಲಾಭ ವಿಟಮಿನ್ ಸಿ. ಒಣ ಕಾಳಿನಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನೀರು ತಾಗಿ ಕಾಳು ಎಚ್ಚರವಾದ ಕೂಡಲೇ ಒಳಗಿನ ಹಿಟ್ಟು ಕರಗಿ ಸಕ್ಕರೆಯಾಗುತ್ತದೆ, ಕಾಳು ಉಸಿರಾಡಲು ಶುರು ಮಾಡುತ್ತದೆ. ಬೆಳೆಯುವ ಮೊಳಕೆಗೆ ವಿಟಮಿನ್ ಸಿ ಬೇಕು, ಅದನ್ನು ಆ ಸಕ್ಕರೆಯಿಂದಲೇ ತಯಾರಿಸಿಕೊಳ್ಳುತ್ತದೆ. ನಾವು ಹೊರಗಿನಿಂದ ಏನೂ ಸೇರಿಸುವುದಿಲ್ಲ. ಫೋಲೇಟ್ ಎಂಬ ಬಿ ವಿಟಮಿನ್ ಕೂಡ ಇದರ ಜೊತೆಗೆ ಏರುತ್ತದೆ.

ಇದು ಹೊಸ ಸಂಗತಿಯೇನಲ್ಲ. ಲಂಡನ್ನಿನಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಡೆಲ್ಫ್ ಎಂಬ ಇಬ್ಬರು ಮಹಿಳೆಯರು ಗಿನಿಯಿಲಿಗಳಿಗೆ ಕಾಳು ತಿನ್ನಿಸಿ ನೋಡಿ 1919ರಲ್ಲೇ ಬರೆದಿದ್ದರು: ವಿಟಮಿನ್ ಸಿ ಸಾಲದೆ ಒಸಡಿನಿಂದ ರಕ್ತ ಬರುವ ಸ್ಕರ್ವಿ ರೋಗವನ್ನು ಒಣ ಕಾಳು ತಡೆಯುವುದಿಲ್ಲ, ಮೊಳಕೆ ಬಂದ ಕಾಳು ತಡೆಯುತ್ತದೆ.

ಈಗ ಮಾಡುವ ಬಗೆ. ಒಂದು ಲೋಟ ಇಡೀ ಹೆಸರುಕಾಳು ತೊಳೆದು, ಮೂರು ಲೋಟ ಕುಡಿಯುವ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ಆ ನೀರು ಚೆಲ್ಲಿ, ಮತ್ತೆ ತೊಳೆದು, ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಜರಡಿಯಲ್ಲಿಡಿ. ಮುಚ್ಚಳ ಬಿಗಿದ ಡಬ್ಬಿಯಲ್ಲಿ ಇಡಬೇಡಿ. ಉಸಿರಾಡುವ ಕಾಳಿಗೆ ಗಾಳಿ ಸಿಗದಿದ್ದರೆ ಹುಳಿತು ಲೋಳೆಯಾಗುತ್ತದೆ. ಬೆಳಗ್ಗೆ ಸಂಜೆ ಬಟ್ಟೆ ಬಿಚ್ಚಿ ಒಮ್ಮೆ ತೊಳೆಯಿರಿ. ಬೇಸಿಗೆಯಲ್ಲಿ ಒಂದು ದಿನಕ್ಕೆ ಬಿಳಿ ಮೊಳಕೆ ಕಾಣುತ್ತದೆ. ಡಿಸೆಂಬರ್ ಚಳಿಯಲ್ಲಿ, ಅದರಲ್ಲೂ ಮಲೆನಾಡಿನ ಕಡೆ, ಎರಡು ದಿನ ಬೇಕು, ಗಂಟನ್ನು ಒಲೆಯ ಪಕ್ಕದ ಬೆಚ್ಚಗಿನ ಜಾಗದಲ್ಲಿಡಿ. ಹುರುಳಿ ಇನ್ನೂ ನಿಧಾನ. ಒಂದು ಸೆಂಟಿಮೀಟರ್ ಬಂದರೆ ಸಾಕು. ಹಸಿ ಸೊಪ್ಪಿನ ವಾಸನೆ ಇದ್ದರೆ ಸರಿ. ಕೆಟ್ಟ ಹುಳಿ ವಾಸನೆ ಬಂದರೆ, ಕೈಗೆ ಜಾರಿದರೆ, ತೊಳೆದು ಉಳಿಸಿಕೊಳ್ಳುವ ಯೋಚನೆಯೇ ಬೇಡ, ಗೊಬ್ಬರದ ಗುಂಡಿಗೆ ಹಾಕಿ.

ಎರಡು ಎಚ್ಚರಿಕೆ. ಒಡೆದ ಬೇಳೆ ಮೊಳಕೆ ಬರುವುದಿಲ್ಲ, ಸುಮ್ನೆ ನೆನೆದು ಕೊಳೆಯುತ್ತದೆ. ಇನ್ನೊಂದು, ಹೊಲ ಇರುವವರಿಗೆ: ಬಿತ್ತನೆಗೆ ತಂದ ಬೀಜ ಉಳಿದಿದೆ ಅಂತ ಅದನ್ನು ನೆನೆಹಾಕಬೇಡಿ. ಅದಕ್ಕೆ ಔಷಧಿ ಹಚ್ಚಿರುತ್ತಾರೆ, ತೊಳೆದರೂ ಹೋಗುವುದಿಲ್ಲ.

ಅಷ್ಟು ಮಾಡಿದ ಮೇಲೆ ನಮ್ಮ ಕಡೆಯ ಅಭ್ಯಾಸ ಏನು? ಮೊಳಕೆಯನ್ನು ಕುಕ್ಕರ್‌ಗೆ ಹಾಕಿ ನಾಲ್ಕು ವಿಷಲ್ ಕೂಗಿಸುವುದು! ವಿಟಮಿನ್ ಸಿ ಬಿಸಿಗೆ ಹಾಳಾಗುತ್ತದೆ, ನೀರಿನಲ್ಲೂ ಕರಗಿ ಹೋಗುತ್ತದೆ. ಮೊಳಕೆ ಹುರುಳಿ ಸಾರು, ಮುದ್ದೆ ನನಗೂ ಇಷ್ಟವೇ, ಬಿಡಿ ಅಂತ ಹೇಳುವುದಿಲ್ಲ. ಆದರೆ ಆ ಸಾರಿನಿಂದ ವಿಟಮಿನ್ ಸಿ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಹಾಗಾದರೆ ಹಸಿಯಾಗಿಯೇ ಕೊಡಬಹುದಲ್ವಾ ಅಂದರೆ, ಚಿಕ್ಕ ಮಕ್ಕಳಿಗೆ ನಾನು ಬೇಡ ಅನ್ನುತ್ತೇನೆ. ಮೊಳಕೆಗೆ ಬೇಕಾದ ತೇವ, ಬೆಚ್ಚಗಿನ ಜಾಗ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಕ್ಕೂ ಬೇಕಾದದ್ದೇ. ಬಸುರಿಯರಿಗೆ, ವಯಸ್ಸಾದವರಿಗೆ ಕೂಡ ಹಸಿ ಬೇಡ. ಇಡ್ಲಿ ಪಾತ್ರೆಯಲ್ಲಿ ತೆಳ್ಳಗೆ ಹರಡಿ, ಕಾಳು ಒಳಗೂ ಹಬೆಯಾಡುವ ಹಾಗೆ ಐದಾರು ನಿಮಿಷ ಬೇಯಿಸಿ ಇಳಿಸಿ. ಸ್ವಲ್ಪ ವಿಟಮಿನ್ ಹೋಗುತ್ತದೆ, ಹೋಗಲಿ. ಒಗ್ಗರಣೆ, ಕಾಯಿತುರಿ ಹಾಕಿ ಉಸಲಿ ಮಾಡಿ. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದಕ್ಕೂ ಆ ಹುಳಿ ಸಹಾಯ ಮಾಡುತ್ತದೆ, ಅದೇ ಊಟದಲ್ಲಿ ಇದ್ದರೆ.

ಪ್ರಮಾಣದ ಬಗ್ಗೆಯೂ ಹೇಳಿಬಿಡುತ್ತೇನೆ. ನೂರು ಗ್ರಾಂ ಹಸಿ ಹೆಸರು ಮೊಳಕೆಯಲ್ಲಿ ಸುಮಾರು 13 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಅಷ್ಟೇ ತೂಕದ ಸೀಬೆಹಣ್ಣಿನಲ್ಲಿ 200ಕ್ಕೂ ಜಾಸ್ತಿ. ಹಿತ್ತಲಲ್ಲಿ ಸೀಬೆ ಬಿಡುವ ತಿಂಗಳುಗಳಲ್ಲಿ ಹಣ್ಣನ್ನೇ ಕೊಡಿ. ಹಣ್ಣು ಸಿಗದ, ತರಕಾರಿ ದುಬಾರಿಯಾದ ದಿನಗಳಿಗೆ ಮೊಳಕೆ ಇದೆ. ಮೊದಲೇ ಮಾಡಿಡುವುದಾದರೆ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಬೇಯಿಸಿ. ಉಸಲಿಯನ್ನು ಬೆಳಗ್ಗೆ ಮಾಡಿ ಆರಿಸಿ ಟಿಫಿನ್ ಡಬ್ಬಿಗೆ ಹಾಕಿ, ರಾತ್ರಿ ಮಾಡಿ ಹೊರಗಿಟ್ಟದ್ದನ್ನು ಕಳಿಸಬೇಡಿ.

ಇಂತಿ,
ಪೌಷ್ಟಿಕ ಆಹಾರ ಪಾಠದ ಟೀಚರ್, ಹಾಸನ