ಎಂಟು ತಿಂಗಳು ಪೇಪರ್ ಟ್ರೇಡಿಂಗ್, ಆಮೇಲೆ ಒಂದು ಲಾಟ್

ಎಂಟು ತಿಂಗಳು ಆಪ್ಷನ್‌ಗಳಲ್ಲಿ ಪೇಪರ್ ಟ್ರೇಡಿಂಗ್ ಮಾಡಿದೆ, ಅಂದರೆ ದುಡ್ಡು ಹಾಕದೆ ಆ್ಯಪ್‌ನಲ್ಲಿ ಲೆಕ್ಕಕ್ಕೆ ಮಾತ್ರ ಕೊಳ್ಳುವುದು, ಮಾರುವುದು. ಶಿರಸಿಯಲ್ಲಿ ಮಳೆಗಾಲ ಶುರುವಾದರೆ ತೋಟದಲ್ಲಿ ಮಧ್ಯಾಹ್ನ ಹೆಚ್ಚೇನೂ ಕೆಲಸವಿರುವುದಿಲ್ಲ, ಮೊಬೈಲ್ ಹಿಡಿದು ಕೂರುತ್ತಿದ್ದೆ. ಲೆಕ್ಕ ತೆಗೆದಾಗ ಲಾಭವೇ ಕಾಣುತ್ತಿತ್ತು. ಅದನ್ನು ಭಾವನಿಗೆ ತೋರಿಸಿದೆ. ಅವನಿಗೆ ಆಪ್ಷನ್ ಗೊತ್ತಿಲ್ಲ, ಅಡಿಕೆ ಗೊತ್ತು. "ಪೇಪರಿನಲ್ಲಿ ಬಂದ ಗರಿಷ್ಠ ದರ ನಿನ್ನ ಚೀಲಕ್ಕೆ ಸಿಕ್ಕಿದ್ದು ಯಾವಾಗ ಭಾವ?" ಅಂದ. ಆಗ ನಕ್ಕಿದ್ದೆ. ಆಮೇಲೆ ನಿಜ ದುಡ್ಡಿನಲ್ಲಿ ಒಂದೇ ಲಾಟ್ ಹಾಕುವುದು, ಅದೇ ಹೊತ್ತಿಗೆ ಅದೇ ಟ್ರೇಡನ್ನು ಪೇಪರಿನಲ್ಲೂ ಹಾಕುವುದು, ಎರಡನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆಯುವುದು ಎಂದು ನಿಶ್ಚಯಿಸಿದೆ.

ಮೊದಲ ವಾರದ ಒಂದು ಸ್ಟಾಕ್ ಆಪ್ಷನ್ ಹೇಳುತ್ತೇನೆ. ಲಾಟ್‌ಗೆ 700 ಷೇರು. ಪರದೆಯಲ್ಲಿ ಎಲ್‌ಟಿಪಿ 12.50. ನಾನು ಬಳಸುತ್ತಿದ್ದ ಪೇಪರ್ ಆ್ಯಪ್ ಅದೇ ದರಕ್ಕೆ ಕಾಲ್, ಅಂದರೆ ಷೇರು ಏರಿದರೆ ಬೆಲೆ ಏರುವ ಆಪ್ಷನ್, ಕೊಡಿಸಿಬಿಟ್ಟಿತು. ಆದರೆ ಎಲ್‌ಟಿಪಿ ಅಂದರೆ ಕೊನೆಗೆ ನಡೆದ ವ್ಯವಹಾರದ ದರ, ಅದು ಕಾಲು ಗಂಟೆ ಹಳತೂ ಇರಬಹುದು. ಆ ಕ್ಷಣಕ್ಕೆ ಕೊಳ್ಳುವವರು 12.10ಕ್ಕೆ ನಿಂತಿದ್ದರು, ಮಾರುವವರು 13ಕ್ಕೆ. ನಾನು ನಡುವೆ 12.55ಕ್ಕೆ ಲಿಮಿಟ್ ಹಾಕಿದೆ, ಅದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು. ಎರಡು ನಿಮಿಷ ಯಾರೂ ಕೊಡಲಿಲ್ಲ. 12.80ಕ್ಕೆ ಏರಿಸಿದೆ, ಆಗಲಿಲ್ಲ. ಕಡೆಗೆ 12.95ಕ್ಕೆ ಸಿಕ್ಕಿತು.

ಷೇರು ಏರಿತು, ಎಣಿಸಿದ ಹಾಗೆಯೇ. ಎಲ್‌ಟಿಪಿ 15.20 ಆದಾಗ ಪೇಪರಿನಲ್ಲಿ ಮಾರಿದೆ: 1,890 ರೂಪಾಯಿ ಲಾಭ. ನಿಜದಲ್ಲಿ ಕೊಳ್ಳುವವನ ದರ 14.55 ಇತ್ತು, ತುಸು ಕಾದು 14.60ಕ್ಕೆ ಮಾರಿದೆ: 1,155. ಬ್ರೋಕರೇಜು, ಎಸ್‌ಟಿಟಿ, ಇತರೆ ಖರ್ಚು ಎಲ್ಲ ಸೇರಿ ಹೋಗಿದ್ದು ಸುಮಾರು 65 ರೂಪಾಯಿ. ನಾವು ಗೊಣಗುವುದು ಆ 65ಕ್ಕೆ. ಪೇಪರಿಗೂ ನಿಜಕ್ಕೂ ನಡುವಿನ 735 ತಿಂದದ್ದು ಬಿಡ್-ಆಸ್ಕ್ ಅಂತರ, ಅಂದರೆ ಕೊಳ್ಳುವವರ ದರಕ್ಕೂ ಮಾರುವವರ ದರಕ್ಕೂ ಇರುವ ಅಂತರ, ಅದು ಕಾಂಟ್ರಾಕ್ಟ್ ನೋಟಿನ ಯಾವ ಸಾಲಿನಲ್ಲೂ ಬರುವುದಿಲ್ಲ.

ನಿಫ್ಟಿ ಸೂಚ್ಯಂಕದ ಆಗಿನ ಮಟ್ಟಕ್ಕೆ ಹತ್ತಿರದ ಸ್ಟ್ರೈಕ್‌ಗಳ ಆಪ್ಷನ್‌ಗಳಲ್ಲಿ ಈ ಅಂತರ ಬಹಳ ಕಡಿಮೆ, ಹಾಗಾಗಿ ಅಲ್ಲಿ ಪೇಪರ್ ಲೆಕ್ಕ ಸರಿ ಬರುತ್ತದೆ ಅಂದುಕೊಂಡೆ. ಅಲ್ಲಿ ಮೋಸ ಬೇರೆ ಥರ. ಸೂಚ್ಯಂಕ ಇಳಿದರೆ ಬೆಲೆ ಏರುವ ಒಂದು ಪುಟ್ ಆಪ್ಷನ್ ಕೊಳ್ಳಲು 48ಕ್ಕೆ ಲಿಮಿಟ್ ಹಾಕಿದ್ದೆ. ದರ ಒಮ್ಮೆ 48 ಮುಟ್ಟಿ ಮೇಲೆದ್ದು 60 ದಾಟಿತು. ಪೇಪರಿನಲ್ಲಿ ಆರ್ಡರ್ ಆಗಿತ್ತು, ನಿಜದಲ್ಲಿ ಆಗಲಿಲ್ಲ. ಎಕ್ಸ್‌ಚೇಂಜಿನಲ್ಲಿ ಒಂದೇ ದರಕ್ಕೆ ನಿಂತವರಲ್ಲಿ ಮೊದಲು ಬಂದವರಿಗೆ ಮೊದಲು. ನನ್ನ ಮುಂದಿನವರಿಗೆ ಸಿಗುವಷ್ಟರಲ್ಲಿ ಮಾರುವವರು ಮುಗಿದಿದ್ದರು. ಮರುದಿನ ಇನ್ನೊಂದು ಪುಟ್‌ನಲ್ಲಿ ಹಾಕಿದ ಕೂಡಲೇ ಸಿಕ್ಕಿತು, ಯಾಕೆಂದರೆ ದರ ನನ್ನ ಲಿಮಿಟ್ಟನ್ನು ತುಳಿದುಕೊಂಡು ಕೆಳಗೆ ಹೋಗುತ್ತಿತ್ತು. ಹೀಗೆ ಮುಟ್ಟಿ ಮೇಲೇಳುವ ಒಳ್ಳೆಯ ಟ್ರೇಡುಗಳು ಕೈತಪ್ಪುತ್ತವೆ, ಬೀಳುವವು ಖಂಡಿತ ಸಿಗುತ್ತವೆ. ಪೇಪರ್ ಎರಡನ್ನೂ ಕೊಟ್ಟು ಸರಾಸರಿಯನ್ನು ಚಂದ ಮಾಡಿ ತೋರಿಸುತ್ತದೆ. ಈಗ ನಾನು ದರ ಲಿಮಿಟ್ಟಿಗಿಂತ ಒಂದು ಟಿಕ್, ಅಂದರೆ 5 ಪೈಸೆಯಾದರೂ ಕೆಳಗೆ ಹೋಗದಿದ್ದರೆ ಪೇಪರಿನ ಆ ಟ್ರೇಡಿಗೆ ಕಾಟು ಹಾಕುತ್ತೇನೆ. ಎಂಟು ತಿಂಗಳ ಹಳೇ ಲೆಕ್ಕವನ್ನು ಹೀಗೆ ತಿದ್ದಿದಾಗ ಲಾಭ ಹೆಚ್ಚುಕಡಿಮೆ ಕರಗಿಹೋಯಿತು.

ಸ್ಟಾಪ್‌ಲಾಸ್ ಕಲಿಸಿದ ಪಾಠ ಇನ್ನೂ ದುಬಾರಿ. ಟ್ರಿಗರ್ ದರ ಮುಟ್ಟಿದ ಕೂಡಲೇ ಸಿಕ್ಕಿದ ದರಕ್ಕೆ ಮಾರಿ ನಷ್ಟ ತಡೆಯುವ ಎಸ್‌ಎಲ್-ಎಂ ಆರ್ಡರನ್ನು ಆಪ್ಷನ್‌ಗಳಲ್ಲಿ ಎನ್‌ಎಸ್‌ಇ 2021ರಲ್ಲೇ ನಿಲ್ಲಿಸಿದೆ. ಟ್ರಿಗರ್ ಜೊತೆ ಲಿಮಿಟ್ ದರವನ್ನೂ ಕೊಡಬೇಕು. ನಾನು ಟ್ರಿಗರ್ 40, ಲಿಮಿಟ್ 39 ಇಟ್ಟಿದ್ದೆ. ಬೆಳಿಗ್ಗೆ 9.15ಕ್ಕೆ ಮಾರುಕಟ್ಟೆ ತೆರೆದ ಮೊದಲ ನಿಮಿಷದಲ್ಲೇ ದರ 40ರ ಮೇಲಿಂದ ನೇರ 38ಕ್ಕೆ ಜಿಗಿಯಿತು. ಟ್ರಿಗರ್ ಆಯಿತು, ಆದರೆ 39ಕ್ಕೆ ಕೊಳ್ಳುವವರು ಯಾರೂ ಇಲ್ಲ. ಆರ್ಡರ್ 'ಓಪನ್' ಎಂದು ನಿಂತೇ ಇತ್ತು. ನಾನು ನೋಡಿ ಕೈಯಾರೆ ಮಾರುವಾಗ 31. ಪೇಪರ್ ಆ್ಯಪ್ ಮಾತ್ರ 40ಕ್ಕೇ ಹೊರಬಂದು ಸುಮ್ಮನೆ ಕೂತಿತ್ತು. ಈಗ ಟ್ರಿಗರ್ 40 ಇದ್ದರೆ ಲಿಮಿಟ್ 34ರ ಹತ್ತಿರ ಇಡುತ್ತೇನೆ. ಹಾಗಿಟ್ಟರೆ 34ಕ್ಕೇ ಮಾರಾಟ ಆಗುತ್ತದೆ ಅಂತಲ್ಲ, ಅಲ್ಲಿಯವರೆಗೆ ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಹೋಗುತ್ತದೆ.

ಒಂದು ಲಾಟ್ ಕೂಡ ಎಲ್ಲವನ್ನೂ ತೋರಿಸುವುದಿಲ್ಲ. ಧೈರ್ಯ ಬಂದು ಆ ಸ್ಟಾಕ್ ಆಪ್ಷನ್‌ನಲ್ಲೇ ಒಮ್ಮೆ ಮೂರು ಲಾಟ್ ಮಾರಲು ಹೋದೆ. ಮೇಲಿನ ಬಿಡ್‌ನಲ್ಲಿ ಇದ್ದದ್ದು 700, ಅಂದರೆ ಒಂದೇ ಲಾಟ್. ಅದು ಹೋದ ಮೇಲೆ ಮುಂದಿನ ಬಿಡ್ 25 ಪೈಸೆ ಕೆಳಗೆ, ಅದರ ಮುಂದಿನದು ಇನ್ನೂ 40 ಪೈಸೆ ಕೆಳಗೆ. ಮೂರನೇ ಲಾಟ್ ಮಾರುವ ಹೊತ್ತಿಗೆ ದರ ಇಳಿಸುತ್ತಿದ್ದವನು ನಾನೇ. ಭಾವನಿಗೆ ಇದನ್ನಿನ್ನೂ ಹೇಳಿಲ್ಲ.