ಪುದೀನ, ಕೊತ್ತಂಬರಿ ಮತ್ತು ಅವನ್ನೇ ಹೋಲುವ ಸೊಪ್ಪುಗಳು: ಮಲೆನಾಡಿಗೆ ಹೊಸದಾಗಿ ಬಂದವರಿಗೆ

ಸೊಪ್ಪಿನವರ ಹತ್ತಿರ ಕಟ್ಟು ಎತ್ತಿ ಮೂಸಿ ನೋಡುವುದು ಎಲ್ಲರ ಅಭ್ಯಾಸ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಮಳೆಗಾಲದಲ್ಲಿ ಈ ಪರೀಕ್ಷೆ ಕೈಕೊಡುತ್ತದೆ. ಒದ್ದೆ ಗೋಣಿಯ ಮೇಲೆ ಕೊತ್ತಂಬರಿ, ಸಬ್ಬಸಿಗೆ, ಪುದೀನ ಅಕ್ಕಪಕ್ಕ ಬಿದ್ದಿರುವಾಗ ಒಂದರ ವಾಸನೆ ಇನ್ನೊಂದಕ್ಕೆ ಹತ್ತಿರುತ್ತದೆ. ಬೆರಳಿಗೆ ಒಮ್ಮೆ ಕೊತ್ತಂಬರಿ ಸೋಕಿದರೆ ಮುಂದೆ ಮುಟ್ಟಿದ್ದೆಲ್ಲ ಕೊತ್ತಂಬರಿಯೇ. ಆದ್ದರಿಂದ ಮೊದಲು ಎಲೆಯ ಅಂಚು ನೋಡಿ, ಆಮೇಲೆ ದಂಟು ಮುಟ್ಟಿ, ಕೊನೆಗೆ ಮೂಸಿ.

ದಂಟು ಪರೀಕ್ಷಿಸಲು ಕಡ್ಡಿಯ ಬುಡದ ಕಡೆಯ ಭಾಗವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ನಿಧಾನವಾಗಿ ಹೊರಳಿಸಿ. ಕೊತ್ತಂಬರಿ ದಂಟು ದುಂಡು, ಸಲೀಸಾಗಿ ಉರುಳುತ್ತದೆ. ಪುದೀನದ ದಂಟಿಗೆ ನಾಲ್ಕು ಮೂಲೆ ಇರುವುದರಿಂದ ಅದು ತಡೆತಡೆದು ತಿರುಗುತ್ತದೆ. ತುದಿಯ ಎಳೆ ಭಾಗದಲ್ಲಿ ನೋಡಬೇಡಿ. ಬಾಡಿದ ಎಳೆ ದಂಟು ಮೆತ್ತಗಾಗಿ ಮೂಲೆ ಗೊತ್ತಾಗುವುದಿಲ್ಲ.

ಕೊತ್ತಂಬರಿಯೋ, ಸಬ್ಬಸಿಗೆಯೋ

ಎಳೆ ಕೊತ್ತಂಬರಿಯಲ್ಲಿ ತಪ್ಪುವುದು ಕಡಿಮೆ. ಎಲೆ ಬೀಸಣಿಗೆಯ ಹಾಗೆ ಅಗಲವಾಗಿ ಮೂರು ಭಾಗವಾಗಿ ಸೀಳಿರುತ್ತದೆ, ಅಂಚಿನಲ್ಲಿ ಮೊಂಡು ಹಲ್ಲುಗಳಿರುತ್ತವೆ. ಎಲೆ, ದಂಟು ಎರಡೂ ನುಣುಪು, ರೋಮ ಇರುವುದಿಲ್ಲ.

ತೊಡಕು ಬರುವುದು ಬಲಿತ ಕಟ್ಟಿನಲ್ಲಿ. ಹೂ ಬಿಡುವ ಹೊತ್ತಿಗೆ ಕೊತ್ತಂಬರಿ ಗಿಡ ಮೇಲೇಳುತ್ತದೆ. ಆಗ ಬರುವ ಮೇಲಿನ ಎಲೆಗಳು ಅಗಲ ಕಳೆದುಕೊಂಡು ನೂಲಿನಂತೆ ಸಣ್ಣಗೆ ಸೀಳುತ್ತವೆ. ಸಬ್ಬಸಿಗೆಯ ಎಲೆ ಬುಡದಿಂದ ತುದಿಯವರೆಗೂ ಇದೇ ಥರ ಇರುತ್ತದೆ. ಮೇಲ್ಭಾಗ ಮಾತ್ರ ಕಾಣುವಂತೆ ಕಟ್ಟಿಟ್ಟರೆ ಪಳಗಿದವರಿಗೂ ಗೊಂದಲವೇ.

ಜುಲೈ ತಿಂಗಳಲ್ಲಿ ಅಂಥದೊಂದು ಕಟ್ಟು ಮನೆಗೆ ಬಂತು ಅನ್ನಿ. ದಾರ ಬಿಚ್ಚಿ ಹಳೆ ಪೇಪರಿನ ಮೇಲೆ ಹರಡಿ. ನೂಲೆಲೆ ಇರುವ ಒಂದು ಕಡ್ಡಿಯನ್ನು ಎತ್ತಿಕೊಂಡು ತುದಿಯಿಂದ ಬೇರಿನವರೆಗೆ ಕಣ್ಣು ಹಾಯಿಸಿ. ಅದೇ ಕಡ್ಡಿಯ ಕೆಳಗೆ ಒಂದಾದರೂ ಅಗಲ ಎಲೆ ಸಿಕ್ಕಿದರೆ ಅದು ಕೊತ್ತಂಬರಿ. ಕೆಳಗಿನ ಎಲೆ ಉದುರಿಹೋಗಿದ್ದರೆ ದಂಟನ್ನು ಬೆರಳಿನಿಂದ ಒರೆಸಿ. ಸಬ್ಬಸಿಗೆ ದಂಟಿನ ಮೇಲೆ ನೀಲಿ ಮಿಶ್ರಿತ ಬೂದು ಬಣ್ಣದ ತೆಳು ಪುಡಿಯಂಥ ಲೇಪ ಇರುತ್ತದೆ, ಒರೆಸಿದ ಕಡೆ ಹಸಿರು ಕಾಣುತ್ತದೆ. ಕೊತ್ತಂಬರಿ ದಂಟು ಒರೆಸುವ ಮೊದಲೂ ಹಸಿರು, ಆಮೇಲೂ ಹಸಿರು. ಮಳೆಯಲ್ಲಿ ನೆನೆದು ಕೈಯಿಂದ ಕೈಗೆ ಬಂದ ಕಟ್ಟಿನಲ್ಲಿ ಈ ಲೇಪ ಆಗಲೇ ಹೋಗಿರಬಹುದು. ಆಗ ಹೂ ನೋಡಿ: ಕೊತ್ತಂಬರಿಗೆ ಬಿಳಿ ಅಥವಾ ನಸುಗೆಂಪು, ಸಬ್ಬಸಿಗೆಗೆ ಹಳದಿ. ಹೂವೂ ಇಲ್ಲದಿದ್ದರೆ ಎಲೆ ತೊಳೆದು, ಕೈಯನ್ನೂ ತೊಳೆದುಕೊಂಡು, ಒಂದೇ ಎಲೆ ಹಿಸುಕಿ ಮೂಸಿ. ವಾಸನೆಯನ್ನು ನಂಬಬಹುದಾದದ್ದು ಹೀಗೆ ಒಂದೊಂದಾಗಿ ನೋಡಿದಾಗ.

ನೂಲೆಲೆ ಬಂದ ಕೊತ್ತಂಬರಿ ಹಾಳಾದದ್ದಲ್ಲ, ಬಲಿತದ್ದು. ದಂಟು ನಾರಾಗಿರುತ್ತದೆ, ಎಲೆ ಕಡಿಮೆ ಸಿಗುತ್ತದೆ. ಚಟ್ನಿಗೆ ಬೇಡ, ಸಾರಿಗೆ ಆಗುತ್ತದೆ. ಸಬ್ಬಸಿಗೆ ಬಂದಿದ್ದರೆ ಸಾರಿಗೆ ಹಾಕಬೇಡಿ, ಉಳಿದ ವಾಸನೆಯನ್ನೆಲ್ಲ ಅದು ನುಂಗಿಬಿಡುತ್ತದೆ. ಹೆಚ್ಚಿ ಅಕ್ಕಿ ರೊಟ್ಟಿ ಹಿಟ್ಟಿಗೆ ಕಲಸಿ.

ಕಾಡು ಕೊತ್ತಂಬರಿ

ಬಯಲುಸೀಮೆಯಿಂದ ಬಂದವರಿಗೆ ಇದು ಪೂರ್ತಿ ಹೊಸದು. ಕೆಲವರು ಆಫ್ರಿಕನ್ ಕೊತ್ತಂಬರಿ ಎಂದೂ ಕರೆಯುತ್ತಾರೆ, ಆದರೆ ಗಿಡದ ಮೂಲ ಅಮೆರಿಕ ಖಂಡದ ಉಷ್ಣವಲಯ. ಮಾಮೂಲಿ ಕೊತ್ತಂಬರಿ ಜಡಿಮಳೆಗೆ ಕೊಳೆಯುತ್ತದೆ, ಇದು ನೆರಳಿನಲ್ಲಿ, ತೇವದಲ್ಲಿ ಚೆನ್ನಾಗಿ ಬರುತ್ತದೆ. ಮಲೆನಾಡಿನ ಹಿತ್ತಲಿಗೆ ಒಗ್ಗಿಕೊಂಡದ್ದು ಇದೇ ಕಾರಣಕ್ಕೆ.

ನೋಡಲು ಕೊತ್ತಂಬರಿಯ ಹಾಗೆ ಇಲ್ಲವೇ ಇಲ್ಲ. ಎಲೆ ಸೀಳಿರುವುದಿಲ್ಲ, ಗೇಣುದ್ದದವರೆಗೆ ಬೆಳೆಯುವ ನೀಳ ಪಟ್ಟಿ, ಬುಡದಲ್ಲಿ ಕಿರಿದು. ಅಂಚಿನ ಉದ್ದಕ್ಕೂ ಗರಗಸದಂತೆ ಹಲ್ಲು, ಪ್ರತಿ ಹಲ್ಲಿನ ತುದಿಗೆ ಸಣ್ಣ ಮುಳ್ಳು. ಬೆರಳನ್ನು ಅಂಚಿನ ಮೇಲೆ ಎಳೆದರೆ ಚುಚ್ಚುತ್ತದೆ. ಎಲೆಗಳೆಲ್ಲ ನೆಲದ ಮಟ್ಟದಲ್ಲಿ ಒಂದೇ ಬುಡದಿಂದ ಸುತ್ತಲೂ ಹರಡುತ್ತವೆ, ಆದ್ದರಿಂದ ಮಾರಾಟಕ್ಕೆ ಬರುವುದು ಬಿಡಿ ಎಲೆಗಳ ಕಂತೆ ಅಥವಾ ಬೇರು ಸಹಿತ ಗಿಡ. ನಡುವಿನಿಂದ ಕವಲೊಡೆದ ಗಟ್ಟಿ ಹೂಗಡ್ಡಿ ಎದ್ದಿದ್ದರೆ ಬಿಟ್ಟುಬಿಡಿ. ಅಂಥ ಗಿಡದ ಎಲೆ ಒರಟು, ಮುಳ್ಳು ಬಾಯಿಗೆ ಸಿಗುತ್ತದೆ.

ವಾಸನೆ ಕೊತ್ತಂಬರಿಯದೇ, ಆದರೆ ಬಹಳ ಖಡಕ್. ಕೊತ್ತಂಬರಿಯ ಬದಲು ಅಷ್ಟೇ ಅಳತೆಯಲ್ಲಿ ಹಾಕುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ನಾಲ್ಕು ಜನರ ಸಾರಿಗೆ ಎರಡು ಎಲೆ ಧಾರಾಳ. ಸಣ್ಣಗೆ ಹೆಚ್ಚಿ ಕುದಿಯುವಾಗಲೇ ಹಾಕಿ, ಈ ವಾಸನೆ ಕುದಿದರೂ ಉಳಿಯುತ್ತದೆ. ಮಾಮೂಲಿ ಕೊತ್ತಂಬರಿಯನ್ನು ಒಲೆ ಆರಿಸಿದ ಮೇಲೆ ಹಾಕಬೇಕು, ಕುದಿಸಿದರೆ ಘಮ ಹೋಗುತ್ತದೆ.

ಪುದೀನ ಮತ್ತು ನಾಲ್ಕು ಮೂಲೆಯ ಇತರರು

ದಂಟು ಚೌಕವಾಗಿದೆ ಎಂದ ಮಾತ್ರಕ್ಕೆ ಪುದೀನ ಎನ್ನುವಂತಿಲ್ಲ. ತುಳಸಿ, ಕಾಮಕಸ್ತೂರಿ ಅದರದೇ ಕುಟುಂಬದವು. ಅವಕ್ಕೂ ನಾಲ್ಕು ಮೂಲೆಯ ದಂಟು, ಗಿಣ್ಣಿಗೆ ಎರಡರಂತೆ ಎದುರುಬದುರು ಎಲೆ. ಇಲ್ಲಿ ತೀರ್ಮಾನ ಹೇಳುವುದು ಅಂಚು ಮತ್ತು ಎಲೆಯ ತೊಟ್ಟು.

ಪೇಟೆಯ ಪುದೀನದ ಎಲೆಗೆ ತೊಟ್ಟು ಬಹಳ ಗಿಡ್ಡ, ಎಷ್ಟೋ ಸಲ ದಂಟಿಗೇ ಅಂಟಿದಂತೆ ಕೂತಿರುತ್ತದೆ. ಅಂಚಿನ ಹಲ್ಲು ಚೂಪು, ಎಲೆಯ ತುದಿಯ ಕಡೆಗೆ ಬಾಗಿರುತ್ತದೆ. ನರಗಳು ಒಳಗೆ ತಗ್ಗಿ ಎಲೆಯ ಮೈ ಸುಕ್ಕುಸುಕ್ಕಾಗಿ ಕಾಣುತ್ತದೆ. ಕಾಮಕಸ್ತೂರಿ ಎಲೆ ನುಣ್ಣಗೆ ಹೊಳೆಯುತ್ತದೆ, ಅಂಚಿನಲ್ಲಿ ಹಲ್ಲು ಇಲ್ಲ ಅಥವಾ ಅಲ್ಲೊಂದು ಇಲ್ಲೊಂದು, ತೊಟ್ಟು ಸ್ಪಷ್ಟವಾಗಿ ಉದ್ದ. ತುಳಸಿಗೂ ಉದ್ದ ತೊಟ್ಟೇ, ಆದರೆ ಎಳೆ ದಂಟಿನ ಮೇಲೆ ರೋಮ ಇರುತ್ತದೆ.

ದೊಡ್ಡಪತ್ರೆಯೂ ಇದೇ ಕುಟುಂಬ, ಆದರೂ ಗೊಂದಲಕ್ಕೆ ಎಡೆಯಿಲ್ಲ. ಎಲೆ ದಪ್ಪ, ರಸಭರಿತ, ಮೇಲೆಲ್ಲ ಮೃದು ರೋಮ, ಅಂಚಿನ ಹಲ್ಲು ದುಂಡು. ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ತಂಬುಳಿಗೆ ಬೇಕಾದದ್ದು ಇದು.

ಕಟ್ಟಿನೊಳಗೆ ಬರಬಾರದ್ದು

ಕೊತ್ತಂಬರಿಯನ್ನು ಬೇರು ಸಹಿತ ಕಿತ್ತು ಕಟ್ಟುವುದರಿಂದ ಹೊಲದ ಕಳೆಯೂ ಜೊತೆಗೆ ಬರಬಹುದು. ಅದರಲ್ಲಿ ಗಮನಿಸಲೇಬೇಕಾದದ್ದು ಎಳೆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಅದರ ಎಲೆಯೂ ಆಳವಾಗಿ ಸೀಳಿರುವುದರಿಂದ ಅವಸರದಲ್ಲಿ ಕಣ್ಣು ತಪ್ಪುತ್ತದೆ. ಬೆಳಕಿಗೆ ಹಿಡಿದು ನೋಡಿ: ಎಲೆ ಮಂಕು ಹಸಿರು, ಮೈಮೇಲೆ ಸಣ್ಣ ರೋಮ, ಸವರಿದರೆ ಒರಟು. ಕೊತ್ತಂಬರಿಯಲ್ಲಿ ರೋಮ ಇರುವುದೇ ಇಲ್ಲ, ಹಾಗಾಗಿ ರೋಮ ಕಂಡರೆ ಆ ಕಡ್ಡಿಯನ್ನು ತೆಗೆದುಹಾಕಿ. ಪಾರ್ಥೇನಿಯಂ ಕೆಲವರಿಗೆ ಚರ್ಮದ ಅಲರ್ಜಿ ತರುತ್ತದೆ. ಆರಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಉಳಿದ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ಜಾಲಿಸಿ. ಸೊಪ್ಪನ್ನು ಹೆಚ್ಚಿದ ಮೇಲೆ ಇದ್ಯಾವುದನ್ನೂ ಗುರುತಿಸಲು ಆಗುವುದಿಲ್ಲ, ಆದ್ದರಿಂದ ಕಟ್ಟು ಬಿಚ್ಚಿ ಆರಿಸುವ ಕೆಲಸ ಈಳಿಗೆಮಣೆ ಇಡುವ ಮೊದಲೇ ಮುಗಿಯಬೇಕು.